ಖಾಲಿಗೂ ಸಾಕಿಗೂ ನಡುವಿನ ಗೆರೆ

ಆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸಭೆ ಇತ್ತು. ನೀರು ಬಿಡುವ ಅಣ್ಣನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ಚರ್ಚಿಸಲು ಕರೆದ ಸಭೆ ಅದು. ತೆಗೆಯಬೇಕೆಂದು ಶುಕ್ರವಾರವೇ ತೀರ್ಮಾನವಾಗಿತ್ತು. ಮೊದಲು ತೀರ್ಮಾನ, ಆಮೇಲೆ ಚರ್ಚೆ ಎನ್ನುವುದು ನಮ್ಮ ಕಟ್ಟಡದ ಹಳೆಯ ಪದ್ಧತಿ.

ಅಣ್ಣನಿಗೆ ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಸಂಪಿನ ಪಕ್ಕದ ಒಂದು ಕೋಣೆಯಲ್ಲಿ ಅವರೂ ಅವರ ಹೆಂಡತಿಯೂ ವರ್ಷಗಳಿಂದ ಇದ್ದರು. ಆಕೆ ನಮ್ಮ ಮನೆಯೂ ಸೇರಿ ಕಟ್ಟಡದ ಕೆಲವು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ದಿನ ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ಅವಳು ಬಾಗಿಲ ಬಳಿ ಕೂತು ತನ್ನ ಮನೆಯ ಸ್ಟೀಲ್ ಡಬ್ಬಿಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದುದನ್ನು ಕಂಡೆ. ನನ್ನನ್ನು ನೋಡಿ ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. "ಇವತ್ತು ಪಾತ್ರೆಗೆ ಬರಲ್ಲ ಅಕ್ಕ" ಎಂದಳು, ಅಷ್ಟೆ. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿದೆ.

ನಮ್ಮದು ಅಂಜನಾಪುರ. ಬೇಸಿಗೆಯಲ್ಲಿ ಇಲ್ಲಿ ಯಾರಾದರೂ ನೆಂಟರು ಫೋನ್ ಮಾಡಿ "ಹೇಗಿದ್ದೀರಾ" ಎಂದರೆ "ನೀರಿದೆ" ಎಂದು ಉತ್ತರಿಸುತ್ತೇವೆ. ಕಾವೇರಿ ನೀರು ಬರುವ ದಿನ ಬರುತ್ತದೆ, ಬಾರದ ದಿನ ಟ್ಯಾಂಕರ್. ಎರಡೂ ನೆಲದ ಕೆಳಗಿನ ಸಂಪಿಗೆ ಬೀಳಬೇಕು, ಅಲ್ಲಿಂದ ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸಬೇಕು. ಸಂಜೆ ಸಂಪಿನಲ್ಲಿ ಎಷ್ಟು ನೀರಿದೆ ಎಂದು ನೋಡಿ, ಕಡಿಮೆಯಿದ್ದರೆ ಟ್ಯಾಂಕರಿನವನಿಗೆ ಹೇಳಿಡುವುದು ಅಣ್ಣನ ಜವಾಬ್ದಾರಿ. ಸಂಜೆ ಹೇಳಿದರೆ ಬೆಳಕು ಹರಿಯುವ ಮುಂಚೆ ಬರುತ್ತಾನೆ. ಬೆಳಿಗ್ಗೆ ನಲ್ಲಿ ಒಣಗಿದ ಮೇಲೆ ಹೇಳಿದರೆ ಮಧ್ಯಾಹ್ನಕ್ಕೆ ಬಂದು, ಬಂದದ್ದೇ ಉಪಕಾರ ಎನ್ನುವ ಮುಖ ಮಾಡಿ, ಹೆಚ್ಚಿನ ರೇಟು ಕೇಳುತ್ತಾನೆ.

ಮೊದಲೆಲ್ಲ ಅಣ್ಣ ಸಂಪಿನ ಮುಚ್ಚಳ ತೆಗೆದು ಒಂದು ಬಿದಿರು ಕೋಲು ಇಳಿಸಿ ನೋಡುತ್ತಿದ್ದರು. ಅದನ್ನು ನಿಲ್ಲಿಸಿದವನು ನನ್ನ ಗಂಡ. ಅವನಿಗೆ ಕೋಲು ಕಂಡರೆ ಅವಮಾನ. ಐಟಿಯವರೇ ತುಂಬಿರುವ ಕಟ್ಟಡದಲ್ಲಿ ಕೋಲು ಅದ್ದಿ ನೀರು ನೋಡುವುದೇ ಎಂದು ಕಮಿಟಿಯ ಮುಂದೆ ಭಾಷಣ ಮಾಡಿ, ಮುಚ್ಚಳದ ಒಳಗೆ ಒಂದು ಸೆನ್ಸರ್ ಕೂರಿಸಿದ. ಮಕ್ಕಳು ಬಿದ್ದುಬಿಟ್ಟಾರು ಎಂದು ಅಧ್ಯಕ್ಷರು ಮುಚ್ಚಳಕ್ಕೆ ಬೀಗ ಹಾಕಿಸಿ ಕೀಲಿ ತಮ್ಮ ಬಳಿ ಇಟ್ಟುಕೊಂಡರು. ಸೆನ್ಸರ್ ಕಳಿಸುವ ಮಟ್ಟವನ್ನು ತೋರಿಸಲು ಗಂಡ ಒಂದು ವೆಬ್ ಪುಟ ಮಾಡಿದ. ಅಡ್ಡಡ್ಡ ಒಂದು ಪಟ್ಟಿ, ಅದರಲ್ಲಿ ನಾಲ್ಕು ಭಾಗ, ಮೇಲೆ ಒಂದು ಬಾಣ. ಮೊದಲ ಭಾಗ ಎಂದರೆ ಸಂಪಿನ ಮೊದಲ ಕಾಲು, ಎರಡನೆಯದು ಎರಡನೆಯ ಕಾಲು, ಹೀಗೆ. ಬಾಣ ಮೊದಲ ಭಾಗದಲ್ಲಿದ್ದರೆ ಟ್ಯಾಂಕರ್ ಕರೆಸಬೇಕು. ಇಷ್ಟೇ ನಿಯಮ.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ನಾನು ಮಾಡುವ ಕೆಲಸವೇ ವೆಬ್ ಪುಟಗಳನ್ನು ಕಣ್ಣಿಗೆ ಕಾಣುವ ಹಾಗೆ ಜೋಡಿಸುವುದು, ಫ್ರಂಟ್ ಎಂಡ್ ಎನ್ನುತ್ತಾರೆ. ಗಂಡನದು ಅದರ ಹಿಂದಿನ ಕೆಲಸ, ಸರ್ವರ್ ಕಡೆಯದು. ಮನೆಯಲ್ಲಿ ಇಂಥವಳು ಒಬ್ಬಳಿರುವಾಗ ಅವನು ನನ್ನನ್ನು ಒಂದು ಮಾತು ಕೇಳದೆ ಪುಟ ಮಾಡಿದ. ನನಗೂ ಬೇಕಾಗಿರಲಿಲ್ಲ. ಆಫೀಸಿನಲ್ಲಿ ದಿನವಿಡೀ ಪರದೆಯ ಮೇಲೆ ಡಬ್ಬಿ ಜೋಡಿಸಿ ಬಂದವಳಿಗೆ ಮನೆಯಲ್ಲೂ ಡಬ್ಬಿ ಜೋಡಿಸುವ ಆಸೆ ಇರುವುದಿಲ್ಲ.

ಮೊದಮೊದಲು ಆ ಭಾಗಗಳಲ್ಲಿ ಬರೀ ಅಂಕಿಗಳಿದ್ದವು. ಯುಗಾದಿ ಕಳೆದ ಮೇಲೆ ನಮ್ಮ ಅತ್ತೆ ತಕರಾರು ತೆಗೆದರು. "ಇದೇನೋ ಇದು, ಎಪ್ಪತ್ತೈದು ನೂರು ಅಂತ, ಜ್ವರ ನೋಡೋ ಹಾಗೆ? ನೀರಿದ್ಯೋ ಇಲ್ವೋ ಅಂತ ಕನ್ನಡದಲ್ಲಿ ಹೇಳೋಕೆ ಏನಾಗಿದೆ?" ಅಣ್ಣನೂ ತಲೆಯಾಡಿಸಿದರು. ಮಗನಿಗೆ ಅಮ್ಮನ ಮಾತು ವೇದವಾಕ್ಯ. ಅಂಕಿ ತೆಗೆದು ನಾಲ್ಕು ಮಾತು ಹಾಕಿದ: ಖಾಲಿ, ಇವತ್ತಿಗೆ ಸಾಕು, ಚೆನ್ನಾಗಿದೆ, ತುಂಬಿದೆ. ಕಟ್ಟಡವಿಡೀ ಹೊಗಳಿತು. ಅತ್ತೆ ಆ ಪುಟವನ್ನು ತಿಲಕ್ ನಗರದ ತಮ್ಮ ತಂಗಿಗೂ ಕಳಿಸಿದರು, ಅವರಿಗೂ ನಮ್ಮ ಸಂಪಿಗೂ ಯಾವ ಸಂಬಂಧವೂ ಇಲ್ಲದಿದ್ದರೂ.

ಅದಾದ ಮೇಲೆಯೇ ನಲ್ಲಿ ಒಣಗಲು ಶುರುವಾದದ್ದು. ಒಂದು ಸೋಮವಾರ ಬೆಳಿಗ್ಗೆ ನೀರಿಲ್ಲ. ಆಗುತ್ತೆ ಬಿಡಿ ಎಂದರು. ಆ ವಾರದಲ್ಲೇ ಮತ್ತೊಮ್ಮೆ ಆಯಿತು. ಮುಂದಿನ ವಾರ ಮತ್ತೆ. ತಲೆಗೆ ಸೋಪು ಹಚ್ಚಿಕೊಂಡು ನಿಂತವರು, ಮಗುವನ್ನು ಸ್ಕೂಲಿಗೆ ಕಳಿಸಬೇಕಾದವರು ವಾಟ್ಸಾಪ್ ಗ್ರೂಪಿನಲ್ಲಿ ಕೂಗಾಡಿದರು. "ಅಣ್ಣ ಏನ್ ಮಾಡ್ತಿದ್ರು?" ಎಂದು ಶುರುವಾದದ್ದು "ಅವನು ಏನ್ ಮಾಡ್ತಿದ್ದ?" ಆಗಲು ಹೆಚ್ಚು ದಿನ ಬೇಕಾಗಲಿಲ್ಲ.

ಅಣ್ಣ ಪ್ರತಿ ಸಲ ಒಂದೇ ಮಾತು ಹೇಳಿದರು: "ಸಂಜೆ ನೋಡ್ದೆ ಸಾರ್. ಇವತ್ತಿಗೆ ಸಾಕು ಅಂತ ಇತ್ತು."

ನನ್ನ ಗಂಡ ಆ ಮಾತನ್ನು ಒಪ್ಪಲಿಲ್ಲ. ಅವನೂ ಸಂಜೆ ತನ್ನ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಪುಟ ನೋಡುತ್ತಿದ್ದ. ಅಲ್ಲಿ ಬಾಣ ಖಾಲಿಯ ಮೇಲಿತ್ತು. ಕಣ್ಣಾರೆ ನೋಡಿದ್ದೇನೆ ಎಂದು ಗ್ರೂಪಿನಲ್ಲಿ ಬರೆದ. ಆಮೇಲೆ ಕೇಳಬೇಕೇ? ಟ್ಯಾಂಕರಿನವನ ಜೊತೆ ಒಳಒಪ್ಪಂದ, ಬೇಕೆಂದೇ ಸಂಜೆ ಕರೆಸುವುದಿಲ್ಲ, ಬೆಳಿಗ್ಗೆ ಹೆಚ್ಚಿನ ರೇಟಿನಲ್ಲಿ ಕಮಿಷನ್ ಹೊಡೆಯುತ್ತಾನೆ ಎಂದರು ಕೆಲವರು. ಇನ್ನು ಕೆಲವರು ತಮ್ಮ ಫೋನಿನಲ್ಲಿ ಸಂಜೆ "ಇವತ್ತಿಗೆ ಸಾಕು" ಎಂದೇ ನೋಡಿದ್ದರು. ಅವರು, ಸಂಜೆ ಇದ್ದ ನೀರು ಬೆಳಿಗ್ಗೆ ಇಲ್ಲವೆಂದರೆ ಪಕ್ಕದ ಸೈಟಿನಲ್ಲಿ ಕಟ್ಟುತ್ತಿರುವ ಮನೆಗೆ ರಾತ್ರೋರಾತ್ರಿ ಪೈಪು ಎಳೆದು ನೀರು ಮಾರಿದ್ದಾನೆ ಎಂದರು. ನೀರೇ ಇರಲಿಲ್ಲ ಎಂದರೆ ಮಾರಿದ್ದು ಸುಳ್ಳು. ಮಾರಿದ್ದು ನಿಜವಾದರೆ ನೀರು ಇತ್ತು. ಎರಡು ಆರೋಪಗಳು ಒಂದನ್ನೊಂದು ಹೊಡೆದುಹಾಕುತ್ತಿದ್ದವು. ಆದರೆ ಎರಡೂ ಒಬ್ಬನ ತಲೆಗೇ ಬರುತ್ತಿದ್ದುದರಿಂದ ಯಾರಿಗೂ ಅದು ಅಡ್ಡಿ ಎನಿಸಲಿಲ್ಲ. ನನಗೂ ಎನಿಸಲಿಲ್ಲ.

ಅಧ್ಯಕ್ಷರು ಜರಗನಹಳ್ಳಿಯ ಹಳೆಯ ಮನೆತನದವರು. ಜಮೀನು ಹೋಗಿ ಬಾಡಿಗೆ ಮನೆಗಳು ಬಂದ ಮೇಲೂ ಆಳನ್ನು ಗದರುವ ದನಿ ಹೋಗಿರಲಿಲ್ಲ. ಶುಕ್ರವಾರ ಅವರು ಗ್ರೂಪಿನಲ್ಲಿ ಧ್ವನಿ ಸಂದೇಶ ಹಾಕಿದರು: "ಭಾನ್ವಾರ ಎಲ್ರೂ ಬನ್ನಿ. ಸಂಜೆಗೆ ರೂಮ್ ಖಾಲಿ ಮಾಡ್ಲಿ ಅವ್ನು."

ಹೀಗೆ ಆ ಭಾನುವಾರ ಬಂತು. ಅವತ್ತೂ ನೀರಿರಲಿಲ್ಲ. ಸಂಪಿನ ತಳದಲ್ಲಿ ಒಂದಿಷ್ಟು ಉಳಿದಿತ್ತು, ಆದರೆ ಪಂಪಿನ ಪೈಪಿನ ತುದಿಗೆ ಅದು ಎಟುಕುತ್ತಿರಲಿಲ್ಲ. ಟ್ಯಾಂಕರ್ ದಾರಿಯಲ್ಲಿದೆ ಎಂದು ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದರು.

ಒಂಬತ್ತೂವರೆಯ ಹೊತ್ತಿಗೆ ಅಣ್ಣ ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತರು. ಗಾಜು ಬಿರುಕು ಬಿಟ್ಟಿದ್ದ ತಮ್ಮ ಚಿಕ್ಕ ಫೋನನ್ನು ನನ್ನತ್ತ ಚಾಚಿದರು.

"ಮೇಡಂ, ಸಾರ್‌ಗೆ ತೋರ್ಸಿ ಒಂದ್ಸಲ. ಈಗ್ಲೂ ಸಾಕು ಅಂತಾನೇ ಐತೆ. ನಲ್ಲೀಲಿ ನೀರಿಲ್ಲ, ಇದ್ರಲ್ಲಿ ಸಾಕು ಅಂತೈತೆ. ನಾನ್ ಸುಳ್ ಹೇಳಿಲ್ಲ ಅಂತ ಅಷ್ಟ್ ಹೇಳ್ಬಿಡ್ಲಿ ಅವ್ರು. ಕೆಲಸ ಬೇಕಾದ್ರೆ ತೆಗೀಲಿ."

ಒಳಗಿನಿಂದಲೇ ಗಂಡ ಕೂಗಿದ. "ಆ ಫೋನ್ ಓಬೀರಾಯನ ಕಾಲದ್ದು. ಪೇಜ್ ರಿಫ್ರೆಶ್ ಆಗಿರಲ್ಲ, ಹಳೇದೇ ತೋರಿಸ್ತಿರತ್ತೆ."

ನಾನು ಅಲ್ಲೇ ನಿಂತು ರಿಫ್ರೆಶ್ ಮಾಡಿದೆ. ಬಾಣ "ಇವತ್ತಿಗೆ ಸಾಕು" ಎಂಬುದರ ಶುರುವಿನಲ್ಲಿ ಬಂದು ನಿಂತಿತು. ಕೆಳಗೆ ಈಗಿನ ಸಮಯ ಸರಿಯಾಗಿಯೇ ಇತ್ತು. ಫೋನನ್ನು ಹಾಗೇ ಹಿಡಿದುಕೊಂಡು ಗಂಡನ ಮೇಜಿನ ಬಳಿ ಹೋದೆ. ದೊಡ್ಡ ಪರದೆಯಲ್ಲಿ ಅದೇ ಪುಟ ತೆರೆದಿತ್ತು, ಅದೇ ಸಮಯ ತೋರಿಸುತ್ತಿತ್ತು. ಬಾಣ ಖಾಲಿಯ ಮೇಲಿತ್ತು.

ಅತ್ತೆ ಸೋಫಾದ ಮೇಲಿಂದ ಇಣುಕಿದರು. "ಅದೇನೇ, ಒಂದೇ ನೀರಿಗೆ ಎರಡು ಮಾತಾ?"

ಇಂಥದ್ದನ್ನು ನಾನು ಕೆಲಸದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಗಂಡನ ಕೈಯಿಂದ ಮೌಸ್ ಕಿತ್ತುಕೊಂಡು, ಆ ಕಿಟಕಿಯ ಬಲ ಅಂಚು ಹಿಡಿದು ಎಡಕ್ಕೆ ಎಳೆಯತೊಡಗಿದೆ. ಪುಟ ಕಿರಿದಾಗುತ್ತ ಬಂತು. ನಾಲ್ಕೂ ಭಾಗಗಳು ಕುಗ್ಗಿದವು, ಆದರೆ ಖಾಲಿಯ ಭಾಗ ಉಳಿದವಕ್ಕಿಂತ ಬೇಗ ಸಣಕಲಾಯಿತು. ಕಿಟಕಿ ಫೋನಿನಷ್ಟು ಅಗಲಕ್ಕೆ ಬಂದಾಗ ಖಾಲಿಗೂ ಸಾಕಿಗೂ ನಡುವಿನ ಗೆರೆ ಬಾಣದ ಕೆಳಗೆ ಜಾರಿ ಆಚೆ ಹೋಯಿತು. ಬಾಣ ಈಗ "ಇವತ್ತಿಗೆ ಸಾಕು" ಎಂಬುದರ ಮೇಲಿತ್ತು. ಸಂಪಿನಲ್ಲಿ ಒಂದು ಹನಿಯೂ ಹೆಚ್ಚಾಗಿರಲಿಲ್ಲ.

"ಏನ್ ಮಾಡಿದೀಯ ಇದಕ್ಕೆ?" ಎಂದೆ.

"ಏನೂ ಮಾಡಿಲ್ಲ. ಕನ್ನಡ ಹಾಕಿದಾಗ ಫೋನಲ್ಲಿ 'ಇವತ್ತಿಗೆ ಸಾಕು' ಎರಡು ಸಾಲಾಗಿ ಮುರೀತಿತ್ತು, ಅಸಹ್ಯವಾಗಿ ಕಾಣ್ತಿತ್ತು. ಡಬ್ಬಿಗಳ ಅಗಲಕ್ಕೆ ಫ್ಲೆಕ್ಸ್ ಒನ್ ಅಂತ ಇದ್ದಿದ್ದನ್ನ ಫ್ಲೆಕ್ಸ್ ಆಟೋ ಮಾಡ್ದೆ. ಒಂದೇ ಸಾಲಲ್ಲಿ ಕೂತ್ಕೊಂಡ್ತು. ಅಷ್ಟೇ."

"ಅಷ್ಟೇನಾ?"

"ನೋಡು, ಎಲ್ಲ ಡಬ್ಬೀಗೂ ಗ್ರೋ ಒಂದೇ. ಒಂದು, ಒಂದು, ಒಂದು, ಒಂದು. ಆಟೋದಲ್ಲೂ ಗ್ರೋ ಒಂದೇ ಇರೋದು, ಬೇಕಾದ್ರೆ ಓದಿ ನೋಡು. ಸಮ ಬೆಳೀಬೇಕು ಅಂತ ಹೇಳಿದೀನಿ, ಸಮ ಬೆಳೀತಿದಾವೆ."

ಮದುವೆಗೆ ಮುಂಚೆ ಒಂದೇ ಆಫೀಸಿನಲ್ಲಿದ್ದವರು ನಾವು, ಮನೆಯಲ್ಲೂ ನೀನು ನಾನು ಎಂದೇ ಮಾತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ನನ್ನ ಬಾಯಲ್ಲಿ ಮರ್ಯಾದೆ ಬರುತ್ತದೆ.

"ಸಮ ಬೆಳೀತಿರೋದು ಮಿಕ್ಕಿದ್ದು ಕಣ್ರೀ. ಮೊದಲು ಎಲ್ಲಿಂದ ಶುರು ಮಾಡಿದ್ವು ಅಂತ ನೋಡಿದ್ರಾ ನೀವು?"

ಒಂದು ಹಾಳೆ ಎಳೆದುಕೊಂಡು ಪಟ್ಟಿ ಬರೆದೆ. ಅಣ್ಣನ ಫೋನಿನಲ್ಲಿ ಪಟ್ಟಿಯ ಅಗಲ ಮುನ್ನೂರ ಇಪ್ಪತ್ತು ಪಿಕ್ಸೆಲ್. ಫ್ಲೆಕ್ಸ್ ಒನ್ ಎಂದರೆ ಪ್ರತಿ ಡಬ್ಬಿಯ ಬೇಸಿಸ್, ಅಂದರೆ ಅದು ಬೆಳೆಯಲು ಶುರುಮಾಡುವ ಅಳತೆ, ಸೊನ್ನೆ. ಎಲ್ಲರೂ ಸೊನ್ನೆಯಿಂದ ಶುರುಮಾಡಿ ಇಡೀ ಪಟ್ಟಿಯನ್ನು ಸಮವಾಗಿ ಹಂಚಿಕೊಳ್ಳುತ್ತಾರೆ, ತಲೆಗೆ ಎಂಬತ್ತು. ಫ್ಲೆಕ್ಸ್ ಆಟೋ ಎಂದರೆ ಬೇಸಿಸ್ ಆಟೋ. ಒಳಗಿನ ಮಾತು ಎಷ್ಟು ಉದ್ದವೋ ಅಷ್ಟನ್ನು ಪ್ರತಿ ಡಬ್ಬಿಯೂ ಮೊದಲೇ ಎತ್ತಿಟ್ಟುಕೊಳ್ಳುತ್ತದೆ. "ಖಾಲಿ" ಪುಟ್ಟ ಮಾತು, ನಲವತ್ತು. "ಇವತ್ತಿಗೆ ಸಾಕು" ನೂರಹತ್ತು. ಉಳಿದೆರಡೂ ತಮ್ಮ ಪಾಲು ಎತ್ತಿಕೊಂಡರೆ ಇನ್ನೂರ ಎಂಬತ್ತು ಮುಗಿದೇ ಹೋಯಿತು. ಮಿಕ್ಕಿದ್ದು ನಲವತ್ತು, ಅದನ್ನು ಮಾತ್ರ ಗ್ರೋ ಸಮವಾಗಿ ಹಂಚುತ್ತದೆ, ತಲೆಗೆ ಹತ್ತು. ಖಾಲಿಗೆ ಐವತ್ತು, ಸಾಕಿಗೆ ನೂರಿಪ್ಪತ್ತು.

"ಎಲೆ ಮುಂದೆ ಕೂತಿದಾರೆ ಅಂದ್ಕೊಳ್ಳಿ" ಎಂದೆ. "ಒಬ್ಬನ ಎಲೇಲಿ ಆಗ್ಲೇ ಅನ್ನ ರಾಶಿ ಇದೆ, ಇನ್ನೊಬ್ಬನದ್ರಲ್ಲಿ ಒಂದು ತುತ್ತು. ಆಮೇಲೆ ಬಂದು ಇಬ್ರಿಗೂ ಒಂದೊಂದು ಸೌಟು ಬಡಿಸಿ, ಸಮ ಬಡಿಸ್ದೆ ಅಂತೀರಲ್ಲ, ಅದು ನೀವು ಮಾಡಿರೋದು."

ಅವನು ಹಾಳೆಯನ್ನೇ ನೋಡುತ್ತಿದ್ದ. ಬಾಣದ ಜಾಗ ಎಲ್ಲಿಂದ ಬರುತ್ತದೆಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ, ಬರೆದವನು ಅವನೇ. ಈಗಿನ ಹಾಗೆ ಸೆನ್ಸರ್ ಹದಿನೇಳು ಎಂದರೆ ಪಟ್ಟಿಯ ಎಡ ತುದಿಯಿಂದ ನೂರಕ್ಕೆ ಹದಿನೇಳರಷ್ಟು ದೂರ. ಆ ಲೆಕ್ಕಕ್ಕೆ ಡಬ್ಬಿಗಳ ಅಗಲ ಗೊತ್ತಿಲ್ಲ, ನಾಲ್ಕೂ ಸಮ ಇವೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಫೋನಿನಲ್ಲಿ ಬಾಣ ಐವತ್ತನಾಲ್ಕರ ಹತ್ತಿರ ಬೀಳುತ್ತದೆ, ಖಾಲಿ ಐವತ್ತಕ್ಕೇ ಮುಗಿದಿರುತ್ತದೆ. ದೊಡ್ಡ ಪರದೆಯಲ್ಲಿ ಹಂಚಲು ಮಿಕ್ಕಿದ ಜಾಗವೇ ರಾಶಿ ಇರುವುದರಿಂದ ಮಾತುಗಳ ಉದ್ದದ ವ್ಯತ್ಯಾಸ ಅದರಲ್ಲಿ ಮುಳುಗಿಹೋಗಿ, ನಾಲ್ಕೂ ಸುಮಾರಾಗಿ ಸಮವಾಗಿಯೇ ಕಾಣುತ್ತವೆ. ಅವನಿಗೆ ಯಾವತ್ತೂ ತಪ್ಪು ಕಾಣಲಿಲ್ಲ, ಅಣ್ಣನಿಗೆ ಯಾವತ್ತೂ ಸರಿ ಕಾಣಲಿಲ್ಲ.

"ಛೆ" ಎಂದ. ಆಮೇಲೆ ಕೀಬೋರ್ಡ್ ಹತ್ತಿರ ಎಳೆದುಕೊಂಡ. "ಒಂದು ಪದ ತಾನೇ. ಈಗ್ಲೇ ಮತ್ತೆ ಒನ್ ಮಾಡ್ಬಿಡ್ತೀನಿ. ಹನ್ನೊಂದು ಗಂಟೆಗೆ ಮುಂಚೆ ಆಗೋಗತ್ತೆ. ಮೀಟಿಂಗಲ್ಲಿ, ಅಣ್ಣಂಗೆ ಇನ್ನೊಂದು ಚಾನ್ಸ್ ಕೊಡೋಣ ಅಂತ ನಾನೇ ಹೇಳ್ತೀನಿ."

ಆ ಕ್ಷಣದಲ್ಲಿ ನನಗೆ ಅವನ ಮೇಲೆ ಬಂದಂಥ ಸಿಟ್ಟು ಮದುವೆಯಾದ ಮೇಲೆ ಎಂದೂ ಬಂದಿರಲಿಲ್ಲ. ಅವನು ಕೆಟ್ಟವನಲ್ಲ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಈಗ ಅದನ್ನು ಸರಿಮಾಡಿದರೆ ಹನ್ನೊಂದು ಗಂಟೆಗೆ ಎಲ್ಲರ ಫೋನಿನಲ್ಲೂ ಬಾಣ ಖಾಲಿಯ ಮೇಲೆ ಇರುತ್ತದೆ. ಅಣ್ಣ "ಸಾಕು ಅಂತ ಇತ್ತು" ಎಂದರೆ ಇಡೀ ಕಟ್ಟಡ ಫೋನ್ ತೆರೆದು ನೋಡಿ, ಸುಳ್ಳನೆಂದು ಖಾತ್ರಿ ಮಾಡಿಕೊಳ್ಳುತ್ತದೆ. ಬಾಗಿಲಲ್ಲಿ ನಿಂತಿರುವ ಮನುಷ್ಯನ ಕೈಯಲ್ಲಿರುವ ಒಂದೇ ಸಾಕ್ಷಿ ಆ ತಪ್ಪು ಪಟ್ಟಿ.

ಕೀಬೋರ್ಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. "ಮುಟ್ಟಬೇಡಿ. ಎಲ್ಲರೂ ನೋಡೋ ತನಕ ಒಂದು ಅಕ್ಷರ ಬದಲಾಯಿಸಕೂಡದು."

"ಎಲ್ಲರ ಮುಂದೆ ನನ್ನ ಮಾನ ಕಳೀತೀಯಾ?"

"ನೀವು ಗ್ರೂಪಲ್ಲಿ ಎಲ್ಲರ ಮುಂದೇನೇ ಬರೆದಿದ್ದು."

ಅವನು ಅಮ್ಮನ ಕಡೆ ನೋಡಿದ. ಯಾವಾಗಲೂ ಅವನ ಪರವೇ ಇರುವ ನಮ್ಮ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ನಂಗೆ ನಿಮ್ಮ ಡಬ್ಬಿ ಲೆಕ್ಕ ಅರ್ಥವಾಗಲ್ಲ. ಆ ಮನುಷ್ಯ ಅರ್ಧ ಗಂಟೆಯಿಂದ ಬಾಗಿಲಲ್ಲಿ ನಿಂತಿದಾನೆ, ನಿಮ್ಮಿಬ್ರಲ್ಲಿ ಒಬ್ರಾದ್ರೂ ನೀರು ಬೇಕಾ ಅಂತ ಕೇಳಿದ್ರಾ?" ಎಂದು ಹೇಳಿ, ಫಿಲ್ಟರಿನಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಹಿಡಿದು ಅಣ್ಣನಿಗೆ ಕೊಟ್ಟರು. ಅಣ್ಣ ಒಂದೇ ಗುಟುಕಿಗೆ ಕುಡಿದು ಲೋಟ ವಾಪಸು ಕೊಟ್ಟರು. ಒಳಗಿನ ನಮ್ಮ ಜಗಳ ಅವರಿಗೆ ಪೂರ್ತಿ ಕೇಳಿಸಿತ್ತು.

ಹನ್ನೊಂದಕ್ಕೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಸ್ನಾನವಿಲ್ಲದ ಜನ, ಬೆಳಗಿನ ಕಾಫಿಗೂ ಕ್ಯಾನ್ ನೀರು ಬಳಸಿದ ಜನ. ಯಾರ ಮುಖದಲ್ಲೂ ದಯೆ ಇರಲಿಲ್ಲ. ಅಣ್ಣ ಕಂಬವೊಂದಕ್ಕೆ ಒರಗದೆ, ಅದರ ಪಕ್ಕ ನೆಟ್ಟಗೆ ನಿಂತಿದ್ದರು. ಅವರ ಹೆಂಡತಿ ಕೋಣೆಯ ಬಾಗಿಲಲ್ಲಿ ಗಂಟಿನ ಪಕ್ಕ ಕೂತಿದ್ದಳು. ಗಂಡ ನನ್ನಿಂದ ಎರಡು ಕುರ್ಚಿ ಬಿಟ್ಟು ಕೂತಿದ್ದ. ಅವನು ಎದ್ದು ಮಾತಾಡುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಅಧ್ಯಕ್ಷರು ಶುರುಮಾಡಿದರು. "ಜಾಸ್ತಿ ಮಾತು ಬೇಡ. ಖಾಲಿ ಅಂತ ಇದ್ರೂ ಟ್ಯಾಂಕರ್ ಕರ್ಸಿಲ್ಲ, ಕೇಳಿದ್ರೆ ಸಾಕು ಅಂತಿತ್ತು ಅಂತ ಸುಳ್ಳು. ಏನಯ್ಯಾ, ಇನ್ನೇನಾದ್ರೂ ಹೇಳೋದೈತಾ?"

"ಅದೇ ಸಾರ್. ಸಾಕು ಅಂತಾನೇ ಇತ್ತು" ಎಂದರು ಅಣ್ಣ.

ಯಾರೋ ಹಿಂದಿನಿಂದ ನಕ್ಕರು. ಎದ್ದು ನಿಂತೆ. "ಅಂಕಲ್, ಒಂದು ನಿಮಿಷ. ಎಲ್ಲರೂ ನಿಮ್ಮ ನಿಮ್ಮ ಫೋನಲ್ಲಿ ಆ ಪೇಜ್ ತೆಗೀರಿ. ಈಗ ಪಂಪ್ ಓಡ್ತಿಲ್ಲ, ನೀರು ಏರಲ್ಲ, ಇಳಿಯಲ್ಲ. ಬಾಣದ ಕೆಳಗೆ ಏನು ಬರೆದಿದೆ, ಒಬ್ಬೊಬ್ಬರಾಗಿ ಓದಿ ಹೇಳಿ."

ಗೊಣಗಿದರು, ಆದರೂ ತೆಗೆದರು. ಮೊದಲ ಸಾಲಿನ ಆಂಟಿಯ ಕೈಯಲ್ಲಿ ದೊಡ್ಡ ಟ್ಯಾಬ್ ಇತ್ತು. "ಖಾಲಿ" ಎಂದರು. ಅವರ ಪಕ್ಕದವರು "ಇವತ್ತಿಗೆ ಸಾಕು" ಎಂದರು. ಆಂಟಿ ತಿರುಗಿ ಅವರ ಫೋನನ್ನು ನೋಡಿದರು, ಅವರು ಆಂಟಿಯ ಟ್ಯಾಬನ್ನು ನೋಡಿದರು. ಹಿಂದಿನ ಸಾಲಿನಿಂದ ಖಾಲಿ, ಸಾಕು, ಸಾಕು, ಖಾಲಿ ಎಂದು ದನಿಗಳು ಬರತೊಡಗಿದವು. ನಕ್ಕವರದ್ದೂ ಸಾಕು ಎಂದೇ ಇತ್ತು.

"ನಿಮ್ಮದ್ರಲ್ಲಿ ಏನಿದೆ ಅಂಕಲ್?"

ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ನೋಡಿದರು. "ಸಾಕು" ಎಂದರು, ಬೇಸರದಿಂದ.

"ಫೋನನ್ನ ಅಡ್ಡ ತಿರುಗಿಸಿ."

ತಿರುಗಿಸಿದರು. ಪಟ್ಟಿ ಅಗಲವಾಯಿತು, ಗೆರೆ ಬಾಣವನ್ನು ದಾಟಿತು. ಅವರು ಮತ್ತೆ ನೆಟ್ಟಗೆ ಹಿಡಿದರು, ಮತ್ತೆ ಅಡ್ಡ ಹಿಡಿದರು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಅದನ್ನೇ ಮಾಡುತ್ತಿದ್ದರು. ಬಾಯಿ ಮಾತ್ರ ಬಿಗಿದಿತ್ತು.

"ಖಾಲಿ ಆಯ್ತಲ್ಲ" ಎಂದರು ಕೊನೆಗೆ. "ಅಂದ್ರೆ ಏನಮ್ಮಾ ಇದು? ಯಾರ್ ತಪ್ಪು?"

ನಾನು ಗಂಡನ ಕಡೆ ತಿರುಗಲಿಲ್ಲ. ತಿರುಗಿದರೆ ನಾನೇ ಅವನನ್ನು ಎಬ್ಬಿಸಿದಂತಾಗುತ್ತಿತ್ತು. ಕುರ್ಚಿ ಸರಿದ ಸದ್ದಾಯಿತು.

"ನಂದು" ಎಂದ ಗಂಡ. ಎಲ್ಲರಿಗೂ ಕೇಳುವ ಹಾಗೆ ಮತ್ತೆ ಹೇಳಿದ. "ತಪ್ಪು ನಂದು. ನಾಲ್ಕು ಭಾಗಾನೂ ಸಮ ಇರಬೇಕಿತ್ತು. ಕನ್ನಡ ಹಾಕಿದಾಗ ಅಂದ ನೋಡಕ್ಕೆ ಹೋಗಿ ನಾನೇ ಬದಲಾಯಿಸ್ದೆ. ಚಿಕ್ಕ ಫೋನಲ್ಲಿ ಖಾಲಿ ಜಾಗ ಕಿರಿದಾಗಿ, ನೀರಿಲ್ಲದೇ ಇದ್ರೂ ಸಾಕು ಅಂತ ತೋರಿಸ್ತಿದೆ. ಅಣ್ಣ ನೋಡಿದ್ದನ್ನೇ ಹೇಳಿದಾರೆ."

ಅವನ ಮೇಲಿನ ಸಿಟ್ಟು ಅಲ್ಲೇ ಕರಗಿತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಗೇಟಿನ ಬಳಿ ಟ್ಯಾಂಕರಿನ ಹಾರ್ನ್ ಕೇಳಿತು. ಇಡೀ ಸಭೆ ಒಮ್ಮೆಲೇ ಎದ್ದಿತು. ಅಧ್ಯಕ್ಷರು ಜೇಬಿನಿಂದ ಸಂಪಿನ ಕೀಲಿ ತೆಗೆದು ಅಣ್ಣನಿಗೆ ಎಸೆದರು. "ಆಯ್ತು ಬಿಡು, ಏನೋ ಕಂಪ್ಯೂಟ್ರು ಎಡವಟ್ಟು. ಹೋಗು, ಪೈಪ್ ಹಾಕ್ಸು." ಅಣ್ಣ ಕೀಲಿ ಹಿಡಿದುಕೊಂಡು ಗೇಟಿನತ್ತ ಓಡಿದರು. ಜನ ತಂತಮ್ಮ ಮನೆಗೆ ಬಕೆಟ್ ಹೊಂದಿಸಲು ಓಡಿದರು. ಕಮಿಷನ್ ಎಂದವರು, ರಾತ್ರೋರಾತ್ರಿ ಪೈಪು ಎಂದವರು, ಹಿಂದಿನಿಂದ ನಕ್ಕವರು, ಎಲ್ಲರೂ. ನನ್ನ ಗಂಡ ಒಬ್ಬನೇ ಸಂಪಿನ ಬಳಿ ಹೋಗಿ ಅಣ್ಣನಿಗೆ ಏನೋ ಹೇಳಿದ. ಟ್ಯಾಂಕರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅಣ್ಣ ತಲೆಯಾಡಿಸಿ ಪೈಪಿನ ಕಡೆ ಬಾಗಿದರು.

ಮಧ್ಯಾಹ್ನ ಗಂಡನೂ ನಾನೂ ಒಟ್ಟಿಗೆ ಕೂತು ಪುಟ ಸರಿಮಾಡಿದೆವು. ಆಟೋ ಹೋಗಿ ಒನ್ ಬಂತು. ನಾಳೆ ಯಾರಾದರೂ ಇನ್ನೂ ಉದ್ದದ ಮಾತು ತುರುಕಿದರೂ ಡಬ್ಬಿ ಉಬ್ಬಬಾರದೆಂದು ಕನಿಷ್ಠ ಅಗಲವನ್ನೂ ಸೊನ್ನೆಗೆ ಕಟ್ಟಿಹಾಕಿದೆ. "ಇವತ್ತಿಗೆ ಸಾಕು" ಫೋನಿನಲ್ಲಿ ಎರಡು ಸಾಲಾಗಿ ಮುರಿಯಿತು. ಅಸಹ್ಯವಾಗಿಯೇ ಕಾಣುತ್ತಿತ್ತು. ಇರಲಿ ಎಂದೆವು. ಸಂಜೆ ಕೆಳಗೆ ಹೋದಾಗ ಡಬ್ಬಿಗಳ ಗಂಟು ಬಿಚ್ಚಿತ್ತು. ನನಗೆ ಎಷ್ಟು ಹಗುರವಾಯಿತೆಂದರೆ, ಅತ್ತೆಗೆ ಹೇಳಿ ಸಜ್ಜಿಗೆ ಮಾಡಿಸಿ ಅವರ ಕೋಣೆಗೆ ಕಳಿಸಿದೆ.

ಕತ್ತಲಾಗುವ ಹೊತ್ತಿಗೆ ಗ್ರೂಪಿನಲ್ಲಿ ಒಂದು ಫೋಟೊ ಬಂತು. ಕಳಿಸಿದವರು ಅಣ್ಣ. ಅಲ್ಲಿಯವರೆಗೆ ಅವರು ಗ್ರೂಪಿನಲ್ಲಿ ಏನನ್ನೂ ಹಾಕಿದವರಲ್ಲ. ಬೆಳಿಗ್ಗೆ ಎಸೆದ ಕೀಲಿಯನ್ನು ಅಧ್ಯಕ್ಷರು ವಾಪಸು ಕೇಳಿರಲಿಲ್ಲ. ತೆರೆದ ಸಂಪಿನ ಬಾಯಿ, ಅದರಿಂದ ಆಗಷ್ಟೇ ಎತ್ತಿದ ಹಳೆಯ ಬಿದಿರು ಕೋಲು, ಕೋಲಿನ ಮೇಲೆ ನೀರು ನಿಂತ ಒದ್ದೆ ಗುರುತು. ಗುರುತಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿ ಹಿಡಿದಿದ್ದರು, ಯಾರಿಗೂ ಅನುಮಾನ ಬಾರದ ಹಾಗೆ. ಒಂದು ಮಾತೂ ಬರೆದಿರಲಿಲ್ಲ.

ಮರುದಿನ ಸಂಜೆಯೂ ಫೋಟೊ ಬಂತು. ಅದರ ಮರುದಿನವೂ. ಪುಟ ಈಗ ಸರಿಯಾಗಿದೆ, ಯಾವ ಫೋನಿನಲ್ಲಿ ನೋಡಿದರೂ ಒಂದೇ ಮಾತು ಹೇಳುತ್ತದೆ. ಫೋಟೊ ಬೇಕಾಗಿಲ್ಲ ಅಣ್ಣ ಎಂದು ಗಂಡ ಹೇಳಿದ, ನಾನೂ ಹೇಳಿದೆ. "ಇರ್ಲಿ ಮೇಡಂ" ಎನ್ನುತ್ತಾರೆ. ಮಳೆಗಾಲ ಶುರುವಾಗಿ ಸಂಪು ತುಂಬಿ ತುಳುಕುತ್ತಿದೆ, ಟ್ಯಾಂಕರಿನ ನಂಬರೂ ಜನಕ್ಕೆ ಮರೆತುಹೋಗಿದೆ. ಇವತ್ತೂ ಸಂಜೆ ಫೋಟೊ ಬಂತು. ಕೋಲು, ಒದ್ದೆ ಗುರುತು, ಹೆಬ್ಬೆರಳು.